ಮೂವತ್ತು ಜಿಲ್ಲೆಗಳ ಚಾರ್ಟಿನಲ್ಲಿ ಚಿಕ್ಕಮಗಳೂರು ಕಾಣಬೇಕಾದರೆ

2011ರ ಜನಗಣತಿ ಹೊತ್ತಿಗೆ ಕರ್ನಾಟಕದಲ್ಲಿ 30 ಜಿಲ್ಲೆಗಳಿದ್ದವು. 2001ಕ್ಕಿಂತ ಜನ ಕಡಿಮೆಯಾಗಿದ್ದು ಚಿಕ್ಕಮಗಳೂರಿನಲ್ಲಿ ಮಾತ್ರ, ಅದೂ ಶೇ 0.26ರಷ್ಟು. ಬೆಂಗಳೂರು ನಗರ ಜಿಲ್ಲೆ ಶೇ 47ರಷ್ಟು ಬೆಳೆದಿತ್ತು. ಈ ಅಂಕಿಗಳನ್ನು ಎಕ್ಸೆಲ್‌ಗೆ ಹಾಕಿ ಚಾರ್ಟ್ ಮಾಡಿದರೆ ಕಣ್ಣು ಸೀದಾ ಬೆಂಗಳೂರಿಗೆ ಹೋಗುತ್ತದೆ. ನಮಗೆ ಹೇಳಬೇಕಿರುವುದು ಚಿಕ್ಕಮಗಳೂರಿನ ಸುದ್ದಿ, ಅಲ್ವಾ?

ಮೊದಲು ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. ಬಣ್ಣ ಹಚ್ಚುವ ಕೆಲಸ ಆಮೇಲೆ. ಎಕ್ಸೆಲ್‌ನಲ್ಲಿ ಬಣ್ಣ ಅಂಟಿಕೊಳ್ಳುವುದು ಸಾಲಿನ ಜಾಗಕ್ಕೆ, ಜಿಲ್ಲೆಗಲ್ಲ. ಬಣ್ಣ ಹಚ್ಚಿ ಆಮೇಲೆ ಜೋಡಿಸಿದರೆ ಕೆಂಪು ಇನ್ಯಾವುದೋ ಜಿಲ್ಲೆಯ ಮೇಲೆ ಕೂತಿರುತ್ತದೆ.

ಜಿಲ್ಲೆಗಳ ಹೆಸರು ಉದ್ದ. ಹಾಗಾಗಿ ಅಡ್ಡ ಪಟ್ಟಿಗಳ `Bar` ಚಾರ್ಟ್ ಆರಿಸಿ. ಅದು ಮೊದಲ ಸಾಲನ್ನು ಕೆಳಗಿಡುತ್ತದೆ. ಹೆಸರುಗಳ ಮೇಲೆ ಡಬಲ್ ಕ್ಲಿಕ್ ಮಾಡಿ `Categories in reverse order` ಒತ್ತಿದರೆ ಚಿಕ್ಕಮಗಳೂರು ಮೇಲೆ ಬರುತ್ತದೆ. ಅಲ್ಲೇ `Label Position` ಅನ್ನು `Low` ಮಾಡಿ. ಚಾರ್ಟ್ ಗಿಡ್ಡವಾಗಿದ್ದರೆ ಎಕ್ಸೆಲ್ ಒಂದು ಬಿಟ್ಟು ಒಂದು ಹೆಸರು ನುಂಗುತ್ತದೆ. 30 ಹೆಸರೂ ಇವೆಯಾ ಎಂದು ಎಣಿಸಿ.

ಇನ್ನು ಕಸ ತೆಗೆಯೋಣ. ಹಿಂದಿನ ಗೆರೆಗಳು, ಬಣ್ಣಗಳ ಸೂಚಿ, ಅಂಕಿಗಳ ಅಕ್ಷ, ಒಂದೊಂದರ ಮೇಲೂ ಕ್ಲಿಕ್ ಮಾಡಿ `Delete` ಒತ್ತಿ. ಅಕ್ಷ ಹೋದರೆ ಓದುಗರಿಗೆ ಅಳತೆ ಸಿಗುವುದು ಹೇಗೆ? ಬೆಂಗಳೂರಿನ ಪಟ್ಟಿಯ ತುದಿಯಲ್ಲಿ 47 ಅಂತ ಬರೆದರೆ ಸಾಕು. ಎಲ್ಲ ಪಟ್ಟಿಗಳಿಗೂ ತಿಳಿ ಬೂದು ಬಣ್ಣ ಕೊಡಿ.

ತೊಂದರೆ ಬರುವುದು ಈಗ. ಒಂದು ಸಲ ಕ್ಲಿಕ್ ಮಾಡಿದರೆ ಎಲ್ಲ ಪಟ್ಟಿಗಳೂ ಆಯ್ಕೆಯಾಗುತ್ತವೆ, ಇನ್ನೊಮ್ಮೆ ಮಾಡಿದರೆ ಆ ಒಂದೇ ಪಟ್ಟಿ. ಹಾಗೆ ಚಿಕ್ಕಮಗಳೂರಿನ ಪಟ್ಟಿಗೆ ಕೆಂಪು ಹಚ್ಚಿದಿರಿ ಅನ್ನಿ. ಆದರೂ ಕಾಣುವುದಿಲ್ಲ! ಶೇ 47ರ ಪಕ್ಕದಲ್ಲಿ 0.26 ಅಂದರೆ ಕೂದಲೆಳೆಯಷ್ಟು. ಬೆಂಗಳೂರಿನ ಪಟ್ಟಿಯನ್ನು ಕತ್ತರಿಸೋಣ ಅನ್ನಿಸುತ್ತದೆ. ಬೇಡ, ಅದು ಓದುಗರಿಗೆ ಸುಳ್ಳು ಹೇಳಿದಂತೆ. ಇಲ್ಲಿ ಕೆಲಸಕ್ಕೆ ಬರುವುದು ಚಿಕ್ಕಮಗಳೂರಿನ ಪಟ್ಟಿಯಲ್ಲ, ಅದರ ಬಲಕ್ಕಿರುವ ಖಾಲಿ ಜಾಗ. ಆ ಒಂದು ಪಟ್ಟಿಗೆ ಮಾತ್ರ `Add Data Label` ಕೊಡಿ. ಲೇಬಲ್‌ನೊಳಗೆ ಕ್ಲಿಕ್ ಮಾಡಿ ‘ಚಿಕ್ಕಮಗಳೂರು: ಶೇ 0.26 ಇಳಿಕೆ’ ಎಂದು ಟೈಪ್ ಮಾಡಿ, ದಪ್ಪ ಕೆಂಪು ಅಕ್ಷರ ಮಾಡಿ ಬಲಕ್ಕೆ ಎಳೆಯಿರಿ. ಅಕ್ಷದ ಮೇಲಿನ ಒಂದೇ ಹೆಸರಿಗೆ ಬೇರೆ ಬಣ್ಣ ಕೊಡಲು ಎಕ್ಸೆಲ್ ಬಿಡುವುದಿಲ್ಲ. ಅದಕ್ಕೇ ಹೆಸರನ್ನೂ ಲೇಬಲ್‌ನಲ್ಲೇ ಬರೆಯುವುದು.

ತಲೆಬರಹ ‘ಜಿಲ್ಲಾವಾರು ಜನಸಂಖ್ಯಾ ಬೆಳವಣಿಗೆ’ ಅಂತಿದ್ದರೆ ಬದಲಿಸಿ. ‘ಹತ್ತು ವರ್ಷದಲ್ಲಿ ಜನ ಕಡಿಮೆಯಾದ ಒಂದೇ ಜಿಲ್ಲೆ’ ಎಂದು ಬರೆಯಿರಿ, ಕೆಳಗೆ ಸಣ್ಣದಾಗಿ ‘2001ರಿಂದ 2011, ಶೇಕಡಾ’ ಎಂದಿರಲಿ.

ಕೊನೆಗೆ ಒಂದು ಕಪ್ಪುಬಿಳುಪು ಪ್ರಿಂಟ್ ತೆಗೆಯಿರಿ. ಕೆಂಪು ಅಕ್ಷರ ಬೂದು ಬಣ್ಣದಲ್ಲಿ ಕರಗಿಹೋದರೆ ಕೆಂಪನ್ನು ಇನ್ನಷ್ಟು ಗಾಢ ಮಾಡಿ.