ವೈವಾಕ್ಕೆ ಬಾರಾ ಕಮಾನ್ ಒಂದೇ ಸಾಕಾಯ್ತು

ಆರ್ಕಿಟೆಕ್ಚರ್ ಓದುವವರಿಗೆ ಕನ್ಸರ್ವೇಶನ್ ವೈವಾದಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ. ಪ್ರಿಸರ್ವೇಶನ್, ಕನ್ಸರ್ವೇಶನ್, ರೆಸ್ಟೋರೇಶನ್, ರೀಕನ್‌ಸ್ಟ್ರಕ್ಷನ್, ಇವುಗಳಲ್ಲಿ ವ್ಯತ್ಯಾಸವೇನು? ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿದರೆ ಎರಡನೇ ಪ್ರಶ್ನೆಗೆ ಸಿಕ್ಕಿಹಾಕಿಕೊಳ್ಳುತ್ತೇವೆ. ಹಾಗಾಗಿ ನಾನು ನಮ್ಮ ವಿಜಯಪುರದ ಒಂದೇ ಕಟ್ಟಡ ಹಿಡಿದುಕೊಂಡು ನಾಲ್ಕನ್ನೂ ಅದರ ಮೇಲೆ ಪರೀಕ್ಷೆ ಮಾಡಿ ನೋಡಿದೆ. ಗೋಳಗುಮ್ಮಟ ಅಲ್ಲ, ಬಾರಾ ಕಮಾನ್. ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್‌ಶಾಹನ ಮಗ ಎರಡನೇ ಅಲಿ ತನ್ನ ಗೋರಿಗೆಂದು ಶುರು ಮಾಡಿದ್ದು. 1672ರಲ್ಲಿ ಅವನು ತೀರಿಕೊಂಡ. ಕಟ್ಟಡ ಅಲ್ಲಿಗೇ ನಿಂತಿತು. ಜಗಲಿಯ ಮೇಲೆ ಕಪ್ಪು ಕಲ್ಲಿನ ಕಮಾನುಗಳು ಬರಿದಾಗಿ ನಿಂತಿವೆ, ಮೇಲೆ ಗುಮ್ಮಟವಿಲ್ಲ.

ನಾನು ಆಧಾರವಾಗಿ ತೆಗೆದುಕೊಂಡಿದ್ದು ಆಸ್ಟ್ರೇಲಿಯಾದ ಬುರಾ ಚಾರ್ಟರ್, ಅಂದರೆ ಪರಂಪರೆಯ ಜಾಗಗಳನ್ನು ಹೇಗೆ ಉಳಿಸಬೇಕು ಎಂದು ಹೇಳುವ ದಾಖಲೆ. ಮೊದಲು ಬಂದದ್ದು 1979ರಲ್ಲಿ, ಈಗ ಬಳಕೆಯಲ್ಲಿರುವುದು 2013ರ ಆವೃತ್ತಿ. ಈ ಪದಗಳನ್ನು ಒಂದೊಂದಾಗಿ ಬಿಡಿಸಿ ಹೇಳುವುದು ಅದೇ. 1964ರ ವೆನಿಸ್ ಚಾರ್ಟರ್ ತತ್ವ ಹೇಳುತ್ತದೆ, ಆದರೆ ನಾಲ್ಕನ್ನೂ ಹೀಗೆ ಬೇರೆ ಮಾಡಿ ಕೊಡುವುದಿಲ್ಲ. ಯಾವ ಚಾರ್ಟರ್ ಪ್ರಕಾರ ಮಾತಾಡ್ತಿದ್ದೀರಿ ಅಂತ ಪರೀಕ್ಷಕರು ಕೇಳಿಯೇ ಕೇಳುತ್ತಾರೆ. ಅದನ್ನು ಉತ್ತರದ ಮೊದಲ ಸಾಲಲ್ಲೇ ಹೇಳಿಬಿಡಿ.

ಬುರಾ ಪ್ರಕಾರ ಕನ್ಸರ್ವೇಶನ್ ಎಂದರೆ ಒಂದು ಜಾಗದ ಮಹತ್ವ ಉಳಿಯುವಂತೆ ಅದನ್ನು ನೋಡಿಕೊಳ್ಳುವ ಎಲ್ಲ ಕೆಲಸಗಳು. ಉಳಿದ ಮೂರೂ ಅದರ ಒಳಗೆ ಬರುತ್ತವೆ. ಆ ಮೂರನ್ನು ಬೇರೆ ಮಾಡಲು ನಾನು ಎರಡೇ ಪ್ರಶ್ನೆ ಇಟ್ಟುಕೊಂಡೆ. ಕಟ್ಟಡವನ್ನು ಯಾವ ಸ್ಥಿತಿಗೆ ತರುತ್ತಿದ್ದೇವೆ? ಹೊಸ ಸಾಮಗ್ರಿ ಸೇರುತ್ತಿದೆಯಾ?

ಇರುವ ಸ್ಥಿತಿಯಲ್ಲೇ ಉಳಿಸಿ, ಹಾಳಾಗುವುದನ್ನು ನಿಧಾನ ಮಾಡಿದರೆ ಅದು ಪ್ರಿಸರ್ವೇಶನ್. ಬಾರಾ ಕಮಾನಿನಲ್ಲಿ ಇದೇ ಮುಖ್ಯ ಕೆಲಸ, ಕಷ್ಟದ್ದೂ ಹೌದು. ಗೋಡೆಗಳ ತಲೆಯನ್ನು ಮಳೆಗೆ ಒಡ್ಡಲು ಯಾರೂ ಕಟ್ಟಿದ್ದಲ್ಲ. ಮೇಲೆ ಇನ್ನೂ ಕಲ್ಲಿನ ವರಸೆಗಳು ಬರಬೇಕಿತ್ತು. ಅವು ಬರಲಿಲ್ಲ, ಹಾಗಾಗಿ ಮಳೆ ನೀರು ನೇರವಾಗಿ ಗೋಡೆಯ ನಡುವಿನ ತುಂಬುಗಲ್ಲಿಗೆ ಇಳಿಯುತ್ತದೆ. ಅಲ್ಲಿನ ಗಾರೆ ಕರಗುತ್ತಾ ಹೋಗುತ್ತದೆ. ಸಂದಿಯಲ್ಲಿ ಆಲ, ಅರಳಿ ಹುಟ್ಟಿದರೆ ಬೇರು ಕಲ್ಲನ್ನು ಹೊರಗೆ ತಳ್ಳುತ್ತದೆ. ಗಿಡವನ್ನು ಸುಮ್ನೆ ಎಳೆದು ಕೀಳಬಾರದು, ಬೇರಿನ ಜೊತೆ ಕಲ್ಲೂ ಸಡಿಲವಾಗುತ್ತದೆ. ಕತ್ತರಿಸಿ, ಬೇರು ಸಾಯುವಂತೆ ಔಷಧಿ ಹಚ್ಚಿ, ಅದು ಒಣಗಿದ ಮೇಲೆ ಸಂದಿಗೆ ಸುಣ್ಣದ ಗಾರೆ ತುಂಬಬೇಕು.

ಗೋಡೆಯ ತಲೆಗೆ ನೀರು ಜಾರುವಂತೆ ಇಳಿಜಾರಾಗಿ ಸುಣ್ಣದ ಗಾರೆಯ ಹೊದಿಕೆ ಹಾಕಬೇಕೆಂದು ನಾನು ಬರೆದಿದ್ದೆ. ಅದು ಹೊಸ ಸಾಮಗ್ರಿ ಅಲ್ವಾ, ಆಗ ಇದು ರೀಕನ್‌ಸ್ಟ್ರಕ್ಷನ್ ಆಗಲಿಲ್ವಾ ಎಂದು ಪರೀಕ್ಷಕರು ಕೇಳಿದರು. ಇಲ್ಲ ಎಂದೆ. ಅದು ಯಾವ ಹಳೆಯ ಸ್ಥಿತಿಯನ್ನೂ ಮರಳಿ ತರುತ್ತಿಲ್ಲ. ಕೆಳಗಿನ ಕಲ್ಲನ್ನು ಕಾಯಲು ಮಾತ್ರ ಇದೆ. ಸವೆದರೆ ತೆಗೆದು ಮತ್ತೆ ಹಾಕಬಹುದು. ಕಟ್ಟಡವನ್ನು ಕಾಯುವುದಕ್ಕಾಗಿ ಪ್ರಿಸರ್ವೇಶನ್ ಜೊತೆ ಇಂಥ ಹೊಸ ಕೆಲಸ ಮಾಡಬಹುದು ಎಂದು ಬುರಾದ 17ನೇ ವಿಧಿಯ ಟಿಪ್ಪಣಿಯಲ್ಲೇ ಇದೆ.

ಗೊತ್ತಿರುವ ಹಳೆಯ ಸ್ಥಿತಿಗೆ ಮರಳಿಸಿ, ಹೊಸ ಸಾಮಗ್ರಿ ಸೇರಿಸದಿದ್ದರೆ ರೆಸ್ಟೋರೇಶನ್. ದಾರಿ ಎರಡು. ಆಮೇಲೆ ಸೇರಿಕೊಂಡದ್ದನ್ನು ತೆಗೆಯುವುದು, ಇಲ್ಲವೇ ಬಿದ್ದ ಭಾಗಗಳನ್ನೇ ಮತ್ತೆ ಕೂಡಿಸುವುದು. ಒಂದು ಕಮಾನಿನಿಂದ ಕಲ್ಲೊಂದು ಜಾರಿ ಕೆಳಗೆ ಬಿತ್ತು ಎಂದಿಟ್ಟುಕೊಳ್ಳಿ. ಆ ಕಲ್ಲು ಅಲ್ಲೇ ಸಿಕ್ಕಿತು, ಅದರ ಇಳಿಜಾರಿನ ಮುಖಗಳು ಪಕ್ಕದ ಕಲ್ಲುಗಳಿಗೆ ಸರಿಯಾಗಿ ಕೂರುತ್ತವೆ. ಕಮಾನಿಗೆ ಕೆಳಗಿನಿಂದ ಆಸರೆ ಕೊಟ್ಟು ಅದನ್ನೇ ಮತ್ತೆ ಕೂರಿಸಿದರೆ ರೆಸ್ಟೋರೇಶನ್. ವೆನಿಸ್ ಚಾರ್ಟರಿನ 15ನೇ ವಿಧಿ ಇದನ್ನೇ ಅನಾಸ್ಟೈಲೋಸಿಸ್ ಎನ್ನುತ್ತದೆ.

ಆ ಕಲ್ಲು ಬಿದ್ದು ಪುಡಿಯಾಗಿದ್ದರೆ? ಎರಡೂ ಬದಿಯ ಕಲ್ಲುಗಳು ಇರುವುದರಿಂದ ಅದರ ಅಗಲ, ಓರೆ ಎಲ್ಲಾ ಅಳೆಯಬಹುದು. ಅದೇ ಜಾತಿಯ ಕಲ್ಲು ತಂದು ಗೌಂಡಿಯಿಂದ ಕಡೆಸಿ ಕೂರಿಸಿದರೆ ಅದು ರೀಕನ್‌ಸ್ಟ್ರಕ್ಷನ್. ಕಮಾನು ಒಂದೇ, ತೂತೂ ಒಂದೇ. ಹೆಸರು ಬದಲಾಗಿದ್ದು ಕಲ್ಲು ಹೊಸದಾದ್ದರಿಂದ ಮಾತ್ರ. ಇಷ್ಟನ್ನು ಒಂದು ಸ್ಕೆಚ್ ಹಾಕಿ ತೋರಿಸಿದ್ದು ನನಗೆ ತುಂಬಾ ಸಹಾಯ ಮಾಡಿತು.

ಹೊಸ ಕಲ್ಲಿಗೆ ಚಾರ್ಟರ್‌ಗಳ ಒಂದು ಷರತ್ತಿದೆ. ವೆನಿಸಿನ 12ನೇ ವಿಧಿ ಪ್ರಕಾರ ಅದು ಒಟ್ಟು ನೋಟಕ್ಕೆ ಹೊಂದಬೇಕು, ಆದರೆ ಮೂಲದ್ದಲ್ಲ ಎಂದು ತಿಳಿಯಬೇಕು. ಬುರಾ ಕೂಡ ಹತ್ತಿರದಿಂದ ನೋಡಿದರೆ ಗುರುತು ಸಿಗಬೇಕು ಎನ್ನುತ್ತದೆ. ಹೊಸ ಕಲ್ಲಿನ ಉಳಿಪೆಟ್ಟು ಸ್ವಲ್ಪ ಬೇರೆ ಇರಲಿ, ಮೂಲೆಯಲ್ಲಿ ಇಸವಿ ಕೆತ್ತಲಿ ಎಂದು ನಾನು ಬರೆದೆ. ಹಳೆಯದರಂತೆ ಕಾಣಲಿ ಎಂದು ಕೃತಕವಾಗಿ ಕಪ್ಪು ಮಾಡುವುದನ್ನು ನಾನು ಒಪ್ಪುವುದಿಲ್ಲ. ಮುಂದೆ ಅಳತೆ ತೆಗೆಯುವವರಿಗೆ ಅದು ಮೋಸ.

ಇಷ್ಟಾದ ಮೇಲೆ ಪರೀಕ್ಷಕ ಮೇಡಂ ಕೇಳಿದರು, "ಹಂಗಾದ್ರ ಬಾರಾ ಕಮಾನ್ ಮೇಲೆ ಗುಮ್ಮಟ ಕಟ್ಟಿ ಮುಗಿಸಿದ್ರ ಅದು ಈ ನಾಲ್ಕರಾಗ ಯಾವುದು?"

ಯಾವುದೂ ಅಲ್ಲ, ಮೇಡಂ, ಎಂದೆ. ರೆಸ್ಟೋರೇಶನ್‌ಗೂ ರೀಕನ್‌ಸ್ಟ್ರಕ್ಷನ್‌ಗೂ ಗೊತ್ತಿರುವ ಹಳೆಯ ಸ್ಥಿತಿ ಬೇಕು. ಬಾರಾ ಕಮಾನಿಗೆ ಗುಮ್ಮಟ ಇದ್ದ ದಿನವೇ ಇಲ್ಲ. ಮರಳಿಸಲು ಸ್ಥಿತಿಯೇ ಇಲ್ಲದಾಗ ಅದು ಬರೀ ಹೊಸ ಕಟ್ಟಡ. ಗೋಳಗುಮ್ಮಟ ನೋಡಿ ಅದರಂತೆ ಕಟ್ಟಬಹುದಲ್ಲ ಎಂದು ಅವರು ಬಿಡಲಿಲ್ಲ. ಅದು ಊಹೆ, ಊಹೆ ಶುರುವಾಗುವ ಕಡೆ ರೆಸ್ಟೋರೇಶನ್ ನಿಲ್ಲಬೇಕು ಎಂದು ವೆನಿಸಿನ 9ನೇ ವಿಧಿ ಹೇಳುತ್ತದೆ ಎಂದೆ. ಬುರಾದ 20ನೇ ವಿಧಿಯೂ ಸಾಕಷ್ಟು ಪುರಾವೆ ಕೇಳುತ್ತದೆ. ಅದಕ್ಕಿಂತ ದೊಡ್ಡದು, ಬಾರಾ ಕಮಾನ್ ಅಪೂರ್ಣವಾಗಿ ನಿಂತಿರುವುದೇ ಅದರ ಇತಿಹಾಸ. ಆದಿಲ್‌ಶಾಹಿ ಕೊನೆಯ ವರ್ಷಗಳ ಕಥೆ ಅದರಲ್ಲಿದೆ. ಮುಗಿಸಿದರೆ ಆ ಸಾಕ್ಷಿ ಹೋಗುತ್ತದೆ.

ಹೋಲಿಕೆಗೆ ವಾರ್ಸಾ ಹೇಳಿದೆ. ಎರಡನೇ ಮಹಾಯುದ್ಧದಲ್ಲಿ ಆ ಊರಿನ ಹಳೆಯ ಪೇಟೆ ನೆಲಸಮವಾಯಿತು. ಹಳೆಯ ಚಿತ್ರಗಳು, ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಮೊದಲೇ ತೆಗೆದಿದ್ದ ಅಳತೆಯ ನಕ್ಷೆಗಳು ಇದ್ದವು. ಅವುಗಳ ಆಧಾರದ ಮೇಲೆ ಮತ್ತೆ ಕಟ್ಟಿದರು, 1980ರಲ್ಲಿ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಅಲ್ಲಿ ಪುರಾವೆ ಇತ್ತು, ಇಲ್ಲಿಲ್ಲ.

ಇಲ್ಲೇ ಇನ್ನೊಂದು ಸೂಕ್ಷ್ಮ ಇದೆ. ವೆನಿಸಿನ 15ನೇ ವಿಧಿ ರೀಕನ್‌ಸ್ಟ್ರಕ್ಷನ್ ಬೇಡವೇ ಬೇಡ ಎನ್ನುತ್ತದೆ, ಬುರಾ ಪುರಾವೆಯಿದ್ದರೆ ಸರಿ ಎನ್ನುತ್ತದೆ. ಜಗಳ ಇದ್ದಂತೆ ಕಾಣುತ್ತದೆ. ಆದರೆ ವೆನಿಸಿನ ಆ ವಿಧಿ ಬರುವುದು ಉತ್ಖನನದ ಶೀರ್ಷಿಕೆಯ ಕೆಳಗೆ. ನೆಲದಿಂದ ಅಗೆದು ತೆಗೆದ ಅವಶೇಷದ ಮೇಲೆ ಮನಸ್ಸಿಗೆ ಬಂದಂತೆ ಕಟ್ಟಬೇಡಿ ಎಂಬುದು ಅದರ ಕಾಳಜಿ. ವಿಧಿಯ ಸಂಖ್ಯೆಯ ಜೊತೆ ಅದು ಯಾವ ಭಾಗದಲ್ಲಿದೆ ಎಂದೂ ಹೇಳಿ. ನಾನು ಹೇಳಿದಾಗ ಮೇಡಂ ಮುಂದಿನ ಹಾಳೆ ತಿರುಗಿಸಿ, ಸುಣ್ಣದ ಗಾರೆಯ ಪ್ರಶ್ನೆಗೆ ಹೋದರು.