ಅತ್ತೆಯ ಖರ್ಚಿನ ಡೈರಿಯಿಂದ ನಮ್ಮ ಮುಪ್ಪಿನ ಲೆಕ್ಕ

ನಮ್ಮ ಅತ್ತೆ 2014ರ ಸೆಪ್ಟೆಂಬರಿನಲ್ಲಿ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಗ ಅವರಿಗೆ 79. ತೀರಿಕೊಂಡಿದ್ದು 2023ರಲ್ಲಿ. ಈ ಒಂಬತ್ತು ವರ್ಷದ ಖರ್ಚನ್ನೆಲ್ಲ ನಾನು ಒಂದು ಡೈರಿಯಲ್ಲಿ ಬರೆದಿಟ್ಟಿದ್ದೆ. ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿದವಳು, ಬರೆಯದಿದ್ದರೆ ನಿದ್ದೆ ಬರುವುದಿಲ್ಲ. ನಮ್ಮಿಬ್ಬರ ಕೊನೆಗಾಲಕ್ಕೆ ಎಷ್ಟು ತೆಗೆದಿಡಬೇಕು ಅನ್ನೋ ಪ್ರಶ್ನೆ ಬಂದಾಗ ಕೈಗೆ ಸಿಕ್ಕಿದ್ದು ಈ ಡೈರಿಯೇ.

ಕೂಡಿಸಿ ನೋಡಿದಾಗ ನನಗೇ ಆಶ್ಚರ್ಯವಾಯಿತು. ಒಂಬತ್ತು ವರ್ಷದಲ್ಲಿ ಆಸ್ಪತ್ರೆಗೆ ಸೇರಿಸಿದ್ದು ನಾಲ್ಕೇ ಸಲ. ಒಟ್ಟು ಬಿಲ್ಲು 9.2 ಲಕ್ಷ. ಅದರಲ್ಲಿ ವಿಮೆಯಿಂದ 5.6 ಲಕ್ಷ ಬಂತು, ನಾವು ಕೊಟ್ಟಿದ್ದು 3.6 ಲಕ್ಷ. ಆದರೆ ಮನೆಯಲ್ಲಿ ನೋಡಿಕೊಂಡ ಖರ್ಚು ಸುಮಾರು 18.7 ಲಕ್ಷ. ಆಸ್ಪತ್ರೆ ಬಿಲ್ಲಿಗೆ ಹೆದರುತ್ತಾ ಕೂತಿದ್ದೆವು, ದುಡ್ಡು ಹೋಗಿದ್ದು ಮಂಚದ ಪಕ್ಕದಲ್ಲಿ. ಈ 18.7 ಲಕ್ಷಕ್ಕೆ ವಿಮೆಯಿಂದ ಒಂದು ಪೈಸೆಯೂ ಬರಲಿಲ್ಲ.

ಮೊದಲ ಐದೂವರೆ ವರ್ಷ ಕಷ್ಟ ಇರಲಿಲ್ಲ. ವಾಕರ್ ಹಿಡಿದು ಓಡಾಡುತ್ತಿದ್ದರು. ಸ್ನಾನ ಮಾಡಿಸಲು, ಬಟ್ಟೆ ಒಗೆಯಲು ಬೆಳಗಿನ ಹೊತ್ತು ಒಬ್ಬರು ಬರುತ್ತಿದ್ದರು. ಮಾತ್ರೆ ಸೇರಿಸಿ ತಿಂಗಳಿಗೆ 6 ಸಾವಿರದ ಹತ್ತಿರ. 2020ರ ಫೆಬ್ರವರಿಯಲ್ಲಿ ಪಾರ್ಶ್ವವಾಯು ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು, ಮಾತೂ ನಿಂತಿತು. ಅಲ್ಲಿಂದ 39 ತಿಂಗಳು ಹಾಸಿಗೆಯಲ್ಲೇ.

2022ರ ಒಂದು ತಿಂಗಳಿನ ಪುಟ ಹೀಗಿದೆ. ಹಗಲು ರಾತ್ರಿ ಮನೆಯಲ್ಲೇ ಇರುವ ಹೋಮ್ ನರ್ಸಿಗೆ 24,000. ಡೈಪರ್ 4,200. ಮಾತ್ರೆ 3,800. ವಾರಕ್ಕೆ ಎರಡು ಸಲ ಬರುವ ಫಿಸಿಯೋಗೆ 4,000. ಕ್ಯಾತಿಟರ್ ಬದಲಿಸಲು ನರ್ಸ್ ಬಂದು ಹೋಗುವುದಕ್ಕೆ 1,000. ಅವರ ಗಂಜಿ, ಪ್ರೋಟೀನ್ ಪುಡಿ ಮತ್ತು ನೋಡಿಕೊಳ್ಳುವವಳ ಊಟ ಸೇರಿ 3,000. ಒಟ್ಟು 40,000. ಹೋಮ್ ನರ್ಸ್ ಅಂತ ಕರೆಯುತ್ತೇವೆ, ಆದರೆ ಆಕೆ ನರ್ಸಿಂಗ್ ಓದಿದವಳಲ್ಲ. ಇಂಜೆಕ್ಷನ್ ಕೊಡಲು, ಕ್ಯಾತಿಟರ್ ಹಾಕಲು ಬೇರೆಯವರೇ ಬೇಕು. ಏಜೆನ್ಸಿಯವರು ಮೊದಲ ದಿನ ಇದನ್ನು ಹೇಳುವುದಿಲ್ಲ. ಅವಳು ಹಬ್ಬಕ್ಕೆ ಊರಿಗೆ ಹೋದರೆ ಬದಲಿ ಕಳಿಸುತ್ತೇವೆ ಅನ್ನುತ್ತಾರೆ. ನಮ್ಮ ಮೈಸೂರಿನಲ್ಲಿ ದಸರಾ ಹೊತ್ತಿಗೆ ಒಂದು ಸಲವೂ ಬದಲಿ ಬಂದಿದ್ದು ನನಗೆ ನೆನಪಿಲ್ಲ.

ಇಲ್ಲಿ ನಾನೇ ಮಾಡಿದ ಒಂದು ತಪ್ಪು ಹೇಳಬೇಕು. ಡೈಪರ್ ಖರ್ಚು ಜಾಸ್ತಿ ಆಯ್ತು ಅಂತ ದಿನಕ್ಕೆ ನಾಲ್ಕು ಬದಲಿಸುತ್ತಿದ್ದಲ್ಲಿ ಎರಡಕ್ಕೆ ಇಳಿಸಿದೆ. ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸುವುದೂ ಸಡಿಲವಾಗಿತ್ತು. ಒಂದು ದಿನ ಬೆನ್ನಿನ ಕೆಳಗೆ, ಬಾಲದ ಮೂಳೆ ಇರುವ ಕಡೆ ಕೆಂಪಗೆ ಕಂಡಿತು. ಒದ್ದೆಗೆ ಹೀಗಾಗಿದೆ ಅಂತ ಪೌಡರ್ ಹಾಕಿದೆವು. ಆಮೇಲೆ ಬಂದ ನರ್ಸ್ ಬೆರಳಿನಿಂದ ಒತ್ತಿ ತೋರಿಸಿದರು. ಒತ್ತಿ ಬಿಟ್ಟಾಗ ಚರ್ಮ ಬೆಳ್ಳಗಾಗಿ ಮತ್ತೆ ಕೆಂಪಾದರೆ ಇನ್ನೂ ಸಮಯ ಇದೆ. ಒತ್ತಿದರೂ ಕೆಂಪಗೇ ಇದ್ದರೆ ಹುಣ್ಣು ಶುರುವಾಗಿದೆ ಅಂತ ಅರ್ಥ. ನಮ್ಮದು ಎರಡನೆಯದು. ವಾರದಲ್ಲಿ ಚರ್ಮ ಒಡೆಯಿತು. ಡ್ರೆಸ್ಸಿಂಗಿಗೆ ದಿನಕ್ಕೆ 400 ರೂಪಾಯಿಯಂತೆ ಎರಡು ತಿಂಗಳು ಕೊಟ್ಟೆವು. ಏರ್ ಬೆಡ್ ಆಮೇಲೆ ತಂದೆವು, ಮೊದಲೇ ತರಬೇಕಿತ್ತು. ತಿಂಗಳಿಗೆ 2 ಸಾವಿರ ಉಳಿಸಲು ಹೋಗಿ 24 ಸಾವಿರ ಕಳೆದೆ. ದುಡ್ಡು ಹೋಗಲಿ, ಮಾತು ಬಾರದ ಅವರು ಆ ನೋವು ಹೇಗೆ ತಡೆದುಕೊಂಡರೋ.

ಇನ್ನೊಂದು ಪೆಟ್ಟು ಬಿದ್ದಿದ್ದು ನನ್ನದೇ ಕಸುಬಿನ ಕಡೆಯಿಂದ. ಅತ್ತೆಯ ಹೆಸರಿನಲ್ಲಿ 8 ಲಕ್ಷದ ಠೇವಣಿ ಇತ್ತು. ಅವರ ಆರೈಕೆಗೆ ಅಂತಲೇ ಇಟ್ಟಿದ್ದು. ಆದರೆ ಇದ್ದಿದ್ದು ಅವರೊಬ್ಬರ ಹೆಸರಿನಲ್ಲಿ. ನಾಮಿನಿ ನಮ್ಮ ಮನೆಯವರು. ನಾಮಿನಿಗೆ ದುಡ್ಡು ಸಿಗುವುದು ಖಾತೆದಾರರು ತೀರಿಕೊಂಡ ಮೇಲೆ. ಬದುಕಿದ್ದು ಸಹಿ ಹಾಕಲಾಗದವರ ದುಡ್ಡು ಅಲ್ಲೇ ಕೂತಿರುತ್ತದೆ. ಪವರ್ ಆಫ್ ಅಟಾರ್ನಿ ಮಾಡಿಸಿಟ್ಟಿದ್ದರೆ ಆಗುತ್ತಿತ್ತಲ್ಲ ಅಂತ ಕೇಳುತ್ತಾರೆ. ಕೊಟ್ಟವರ ಬುದ್ಧಿ ಸ್ವಾಧೀನದಲ್ಲಿ ಇಲ್ಲವಾದರೆ ನಮ್ಮ ಕಾನೂನಿನಲ್ಲಿ ಅದೂ ಬಿದ್ದು ಹೋಗುತ್ತದೆ. 'ಸಹಿ ತಾಳೆ ಆಗುತ್ತಿಲ್ಲ' ಅಂತ ಕೌಂಟರಿನ ಒಳಗಿನಿಂದ ಎಷ್ಟು ಜನರಿಗೆ ಹೇಳಿದ್ದೆನೋ. ಈಗ ಹೊರಗೆ ನಿಂತು ಕೇಳಿಸಿಕೊಂಡೆ. ನಮ್ಮ ಅದೃಷ್ಟಕ್ಕೆ ಅತ್ತೆಗೆ ಮಾತು ಹೋಗಿದ್ದರೂ ಬುದ್ಧಿ ಸರಿ ಇತ್ತು. ಎರಡು ತಿಂಗಳು ಓಡಾಡಿದ ಮೇಲೆ ಅಧಿಕಾರಿಯೊಬ್ಬರು ಮನೆಗೆ ಬಂದರು. 'ಅಮ್ಮಾ, ಈ ದುಡ್ಡು ತೆಗೆಯಲಾ?' ಅಂದರು. ಅತ್ತೆ ತಲೆ ಆಡಿಸಿದರು. ಇಬ್ಬರು ಸಾಕ್ಷಿಗಳ ಎದುರು ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಮರೆವಿನ ಕಾಯಿಲೆ ಆಗಿದ್ದರೆ ಈ ದಾರಿಯೂ ಇರುತ್ತಿರಲಿಲ್ಲ.

2024ರಲ್ಲಿ ನಮ್ಮ ಲೆಕ್ಕಕ್ಕೆ ಕೂತೆವು. ನನಗೆ 62, ಮನೆಯವರಿಗೆ 65. ಮಗ ಹೊರದೇಶದಲ್ಲಿದ್ದಾನೆ. ಅವನು ದುಡ್ಡು ಕಳಿಸಬಹುದು, ಮಗ್ಗಲು ಬದಲಿಸಲು ಬರಲಾಗುವುದಿಲ್ಲ.

ಹಾಸಿಗೆ ಹಿಡಿದವರ ಒಂದು ತಿಂಗಳ ಖರ್ಚು ಆಗಿನ ದರದಲ್ಲಿ 50,000 ಅಂತ ಹಿಡಿದೆ. ಇಷ್ಟನ್ನೂ ಗಂಟಿನಿಂದ ತೆಗೆಯಬೇಕಿಲ್ಲ. ಹಾಸಿಗೆ ಹಿಡಿದ ಮನೆಯಲ್ಲಿ ಪ್ರವಾಸ, ಮದುವೆ ಮನೆಯ ಓಡಾಟ ತಾನಾಗಿಯೇ ನಿಲ್ಲುತ್ತದೆ. ನನ್ನ ಪಿಂಚಣಿಯಲ್ಲಿ 20,000 ಅದಕ್ಕೆ ಕೊಡಬಹುದು. ಉಳಿದ 30,000, ಅಂದರೆ ವರ್ಷಕ್ಕೆ 3.6 ಲಕ್ಷ ಗಂಟಿನಿಂದ ಬರಬೇಕು. ವಾಕರ್ ಹಿಡಿದು ಓಡಾಡುವ ವರ್ಷಗಳನ್ನು ಪಿಂಚಣಿಗೇ ಬಿಟ್ಟೆ.

ಎಷ್ಟು ವರ್ಷ ಅನ್ನೋದೇ ಕಷ್ಟದ ಪ್ರಶ್ನೆ. ಯಾರೂ ಹೇಳಲಾರರು. ಅತ್ತೆಯದು ಮೂರು ವರ್ಷ ಮೂರು ತಿಂಗಳು. ನನ್ನ ತಂದೆ ಹಾಸಿಗೆ ಹಿಡಿದಿದ್ದು ಹನ್ನೊಂದೇ ದಿನ. ಮನೆಯವರಿಗೆ ಮೂರು ವರ್ಷ, ನನಗೆ ನಾಲ್ಕು ವರ್ಷ ಹಾಕಿದೆ. ನನಗೆ ಯಾಕೆ ಜಾಸ್ತಿ? ಅವರು ಮಲಗಿದರೆ ನಾನಿರುತ್ತೇನೆ. ನಾನು ಮಲಗುವ ಹೊತ್ತಿಗೆ ಬಹುಶಃ ಅವರು ಇರುವುದಿಲ್ಲ. ಒಂದು ರಾತ್ರಿಗೂ ಬದಲಿ ಇಲ್ಲದವಳಿಗೆ ಕೂಲಿ ಆಳು ಬೇಗ ಬೇಕಾಗುತ್ತದೆ. ಇದನ್ನು ಬರೆಯುವಾಗ ಅವರು ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು. 'ನನ್ನನ್ನು ಮೊದಲೇ ಕಳಿಸಿಬಿಟ್ಟೆಯಲ್ಲ' ಅಂದರು. ಒಟ್ಟು ಏಳು ವರ್ಷಕ್ಕೆ 25.2 ಲಕ್ಷ. ಆಸ್ಪತ್ರೆಯಲ್ಲಿ ವಿಮೆ ಕೊಡದೆ ಉಳಿಯುವ ಭಾಗಕ್ಕೆ ಇಬ್ಬರಿಗೂ ಸೇರಿ 10 ಲಕ್ಷ. ಕೂಡಿದರೆ 35.2 ಲಕ್ಷ.

ಇದು 2024ರ ದರ. ಖರ್ಚು ಬರುವುದು ಸುಮಾರು 15 ವರ್ಷ ಆದ ಮೇಲೆ. ಡೈರಿಯಲ್ಲಿ 2014ರಲ್ಲಿ ಆಪರೇಷನ್ ಆದ ಮೇಲೆ ಎರಡು ತಿಂಗಳು ಇಟ್ಟುಕೊಂಡಿದ್ದ ಹೋಮ್ ನರ್ಸಿಗೆ 11,000 ಕೊಟ್ಟಿದ್ದೆ. 2022ರಲ್ಲಿ ಅದೇ ಕೆಲಸಕ್ಕೆ 24,000. ವರ್ಷಕ್ಕೆ 10 ಪರ್ಸೆಂಟ್ ಏರಿದ ಹಾಗೆ. ಅಂದರೆ ಏಳೆಂಟು ವರ್ಷಕ್ಕೆ ದುಪ್ಪಟ್ಟು. ಠೇವಣಿ ತೆರಿಗೆ ಕಳೆದು 7 ಪರ್ಸೆಂಟ್ ಬೆಳೆದರೆ ಹೆಚ್ಚು. ವರ್ಷಕ್ಕೆ 3 ಪರ್ಸೆಂಟ್ ನಾವು ಹಿಂದೆ ಬೀಳುತ್ತೇವೆ. 15 ವರ್ಷ ಹಾಗೇ ಬಿದ್ದರೆ ಸುಮಾರು ಒಂದೂವರೆ ಪಟ್ಟು ಬೇಕು, ಆ 3 ಪರ್ಸೆಂಟನ್ನೇ ವರ್ಷ ವರ್ಷ ಚಕ್ರಬಡ್ಡಿಯ ಹಾಗೆ ಹಾಕಿದರೆ 1.56 ಪಟ್ಟು. 35.2 ಲಕ್ಷ ಹಾಗೆ 55 ಲಕ್ಷವಾಯಿತು. ಇದು ಮುಂದೆ ಯಾವತ್ತೋ ಕೂಡಿಸಬೇಕಾದ ಮೊತ್ತ ಅಲ್ಲ, ಈಗಲೇ ಬೇರೆ ತೆಗೆದಿಟ್ಟು ಮುಟ್ಟದೆ ಬಿಡಬೇಕಾದ ಮೊತ್ತ. ಇದರಲ್ಲಿ ಒಂದು ದುರ್ಬಲ ಜಾಗ ಇದೆ. ಪಿಂಚಣಿಯ ತುಟ್ಟಿಭತ್ಯೆ ಸಾಮಾನ್ಯ ಬೆಲೆಗಳ ಜೊತೆ ಏರುತ್ತದೆ, ಹೋಮ್ ನರ್ಸ್ ಸಂಬಳದ ಜೊತೆ ಅಲ್ಲ. ನಾನೇ ಮೊದಲು ಹೋದರೆ ಮನೆಯವರಿಗೆ ಸಿಗುವ ಕುಟುಂಬ ಪಿಂಚಣಿ ಇನ್ನೂ ಕಮ್ಮಿ. ಆ ಕೊರತೆಗೆ ಈ ಮನೆಯೇ ಕೊನೆಯ ಆಸರೆ ಅಂತ ಮಗನಿಗೆ ಹೇಳಿಟ್ಟಿದ್ದೇವೆ.

ನಿವೃತ್ತಿಯಲ್ಲಿ ಬಂದ ದುಡ್ಡಿನಲ್ಲಿ 32 ಲಕ್ಷ ಇತ್ತು. ಉಳಿದಿದ್ದಕ್ಕೆ ಊರ ಹೊರಗಿನ ಸೈಟು ಮಾರಿದೆವು. ಕಷ್ಟ ಬಂದಾಗ ಮಾರಿದರಾಯ್ತು ಅಂತ ಇಪ್ಪತ್ತು ವರ್ಷ ಅಂದುಕೊಂಡಿದ್ದ ಸೈಟು. ಯಾವ ಅವಸರವೂ ಇಲ್ಲದೆ ಮಾರಲು ಹೋದರೂ ಹನ್ನೊಂದು ತಿಂಗಳು ಹಿಡಿಯಿತು. ಪಾರ್ಶ್ವವಾಯು ಹನ್ನೊಂದು ತಿಂಗಳು ಕಾಯುತ್ತದಾ?

30 ಲಕ್ಷ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿದೆ, ಜಂಟಿಯಾಗಿ. ಬಡ್ಡಿ 8.2 ಪರ್ಸೆಂಟ್. ಆದರೆ ಅದು ಮೂರು ತಿಂಗಳಿಗೊಮ್ಮೆ ಉಳಿತಾಯ ಖಾತೆಗೆ ಬಂದು ಬೀಳುತ್ತದೆ. ಸುಮ್ನೆ ಬಿಟ್ಟರೆ ತರಕಾರಿಗೆ, ಗೃಹಪ್ರವೇಶದ ಮುಯ್ಯಿಗೆ ಕರಗಿ ಹೋಗುತ್ತದೆ. ಹಾಗಾಗಿ ಅಷ್ಟನ್ನೂ ಒಂದು ಆರ್.ಡಿ.ಗೆ ಹಾಕುತ್ತೇನೆ. ಉಳಿದ 25 ಲಕ್ಷವನ್ನು ಐದೈದು ಲಕ್ಷದ ಠೇವಣಿಗಳಾಗಿ ಒಡೆದೆ. ಒಂದು ಬೇಕಾದಾಗ ಒಂದನ್ನೇ ಮುರಿಯಬಹುದು. ಎಲ್ಲವೂ ಇಬ್ಬರ ಹೆಸರಿನಲ್ಲಿ, ಇಬ್ಬರಲ್ಲಿ ಯಾರಾದರೂ ತೆಗೆಯುವ ಹಾಗೆ. ಅವಧಿಗೆ ಮೊದಲು ಮುರಿಯಲೂ ಒಬ್ಬರ ಸಹಿ ಸಾಕು ಅನ್ನುವುದನ್ನು ಬೇರೆಯಾಗಿ ಬರೆಸಿಕೊಳ್ಳಬೇಕು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಎರಡು ಠೇವಣಿಗೆ ನನ್ನ ತಂಗಿಯನ್ನೂ ಸೇರಿಸಿದ್ದೇನೆ, ನಾವಿಬ್ಬರೂ ಒಟ್ಟಿಗೆ ಮಲಗಿದರೆ ಅಂತ.

ವಿಮೆ ಬಿಟ್ಟಿಲ್ಲ. 5 ಲಕ್ಷದ ಪಾಲಿಸಿ, ಅದರ ಮೇಲೆ 20 ಲಕ್ಷದ ಸೂಪರ್ ಟಾಪ್ ಅಪ್. ವರ್ಷದ ಬಿಲ್ಲು ಮೊದಲ 5 ಲಕ್ಷ ದಾಟಿದ ಮೇಲೆ ಅದು ಕೊಡಲು ಶುರು ಮಾಡುತ್ತದೆ, ಹಾಗಾಗಿ ಕಂತು ಕಡಿಮೆ. ಮನೆಯವರಿಗೆ 70 ತುಂಬಿದರೆ ಆಯುಷ್ಮಾನ್ ಕಾರ್ಡೂ ಸಿಗಬಹುದು. 70 ತುಂಬಿದವರಿಗೆ ಆದಾಯ ನೋಡದೆ ವರ್ಷಕ್ಕೆ 5 ಲಕ್ಷದವರೆಗೆ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ಶುರು ಮಾಡಿತು. ಇವೆಲ್ಲ ಆಸ್ಪತ್ರೆಗೆ ಸೇರಿದರೆ ಮಾತ್ರ. ಡೈಪರಿಗೆ, ಹೋಮ್ ನರ್ಸಿಗೆ ಇವು ಯಾವುವೂ ಬರುವುದಿಲ್ಲ.

ಅತ್ತೆಯ ಕೊನೆಯ ಆಸ್ಪತ್ರೆ ವಾಸ ಆರು ದಿನ ಐಸಿಯುನಲ್ಲಿ, 2.3 ಲಕ್ಷ. ನಾಲ್ಕನೇ ದಿನವೇ ಡಾಕ್ಟರು ಕೈಚೆಲ್ಲಿದ್ದರು. ಬೇಡ ಅನ್ನಲು ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಅಂಥ ಹೊತ್ತಿನಲ್ಲಿ ಏನು ಮಾಡಬೇಕು ಅಂತ ಮೊದಲೇ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿತ್ತು, 2023ರಲ್ಲಿ ಅದನ್ನು ಸುಲಭ ಮಾಡಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿದ ಮೇಲೆ ನಾವೂ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ನೋಟರಿ ಹತ್ತಿರ ಹೋಗಿ ಸಹಿ ಮಾಡಿ ಬಂದೆವು. ದುಡ್ಡು ಉಳಿಸಲು ಅಲ್ಲ. ಆ ಮಾತು ಹೇಳುವ ಕೆಲಸ ಮಗನ ಮೇಲೆ ಬೀಳದಿರಲಿ ಅಂತ.

ಲೆಕ್ಕದ ಹಾಳೆ ಬೀರುವಿನ ಬಾಗಿಲಿಗೆ ಒಳಗಡೆ ಅಂಟಿಸಿದೆ. ಪ್ರತಿ ಯುಗಾದಿಗೆ ಎರಡು ಏಜೆನ್ಸಿಗೆ ಫೋನ್ ಮಾಡಿ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಈಗ ಎಷ್ಟು ಅಂತ ಕೇಳುತ್ತೇನೆ. 2025ರ ಯುಗಾದಿಗೆ ಒಬ್ಬರು 29,000 ಅಂದರು, ಇನ್ನೊಬ್ಬರು 31,000. ಹಾಳೆಯಲ್ಲಿ 28,000 ಅಂತ ಇತ್ತು. ಅದನ್ನು ಹೊಡೆದು 30,000 ಅಂತ ಬರೆದೆ. 'ಪೇಷೆಂಟ್ ಯಾರು ಮೇಡಂ?' ಅಂತ ಕೇಳಿದರು. 'ಇನ್ನೂ ಗೊತ್ತಿಲ್ಲ' ಅಂದೆ.