ಫೋಟೊದಲ್ಲಿರುವ ಫೋನ್ ನಂಬರ್‌ಗಳನ್ನು ಒಂದೇ ರೂಪಕ್ಕೆ ತರುವುದು ಹೇಗೆ?

ಮದುವೆಗೆ ಕರೆಯಬೇಕಾದವರ ಪಟ್ಟಿ ಮಾಡಬೇಕು, ಅಥವಾ ಹಳೆ ವಿದ್ಯಾರ್ಥಿಗಳ ಸಂಘಕ್ಕೆ ಡೈರೆಕ್ಟರಿ ಬೇಕು ಅಂದುಕೊಳ್ಳಿ. ನಂಬರ್ ಕೊಡಿ ಎಂದರೆ ಒಬ್ಬೊಬ್ಬರು ಒಂದೊಂದು ಫೋಟೊ ಕಳಿಸುತ್ತಾರೆ. ಒಬ್ಬರು ವಿಸಿಟಿಂಗ್ ಕಾರ್ಡಿನದು, ಇನ್ನೊಬ್ಬರು ಅಂಗಡಿ ಬೋರ್ಡಿನದು, ಮತ್ತೊಬ್ಬರು ಬಿಲ್‌ನದು. ಒಂದರಲ್ಲಿ ಸೊನ್ನೆಯಿಂದ ಶುರು, ಇನ್ನೊಂದರಲ್ಲಿ +91, ಮಗದೊಂದರಲ್ಲಿ ಕೊನೆಗೆ Ext. 204. ಇವನ್ನೆಲ್ಲ ಸುಮ್ನೆ ಟೈಪ್ ಮಾಡುತ್ತಾ ಹೋದರೆ ಅರ್ಧ ನಂಬರ್‌ಗಳಿಗೆ ಕರೆ ಹೋಗುವುದಿಲ್ಲ.

ಯಾವ ರೂಪಕ್ಕೆ ತರಬೇಕು ಎಂಬುದು ಮೊದಲೇ ಗೊತ್ತಿರಲಿ. ಪ್ಲಸ್ ಚಿಹ್ನೆ, ದೇಶದ ಕೋಡ್, ಆಮೇಲೆ ನಂಬರ್. ನಡುವೆ ಜಾಗ, ಗೀಟು, ಬ್ರಾಕೆಟ್ ಏನೂ ಬೇಡ. ಇದು E.164 ಎಂಬ ಅಂತರರಾಷ್ಟ್ರೀಯ ಪದ್ಧತಿ. ಪ್ಲಸ್ ಬಿಟ್ಟು 15 ಅಂಕಿಗಿಂತ ಜಾಸ್ತಿ ಇರುವಂತಿಲ್ಲ. ಎಕ್ಸ್‌ಟೆನ್ಶನ್, ಅಂದರೆ Ext. ಎಂದು ಬರೆಯುವ ಕಚೇರಿಯ ಒಳಗಿನ ನಂಬರ್, ಇದರ ಭಾಗವಲ್ಲ, ಅದಕ್ಕೆ ಬೇರೆ ಕಾಲಂ ಇಡಿ.

ಮೊದಲು ಕಂಡದ್ದನ್ನು ಕಂಡ ಹಾಗೆ ಬರೆಯಿರಿ

ಎಕ್ಸೆಲ್ ತೆರೆದ ಕೂಡಲೇ ನಂಬರ್ ಬರೆಯುವ ಕಾಲಂಗಳನ್ನು Text ಎಂದು ಬದಲಾಯಿಸಿ. ಇಲ್ಲದಿದ್ದರೆ ಎಕ್ಸೆಲ್ ಅದನ್ನು ಲೆಕ್ಕದ ಅಂಕಿ ಎಂದುಕೊಂಡು ಮುಂದಿನ ಪ್ಲಸ್ ಮತ್ತು ಸೊನ್ನೆಯನ್ನು ತೆಗೆದುಬಿಡುತ್ತದೆ. 12 ಅಂಕಿಯ ನಂಬರ್ 9.18E+11 ಎಂದು ಕಾಣುವುದೂ ಇದೇ ಕಾರಣಕ್ಕೆ.

A ಕಾಲಂನಲ್ಲಿ ಫೋಟೊದಲ್ಲಿ ಇದ್ದದ್ದನ್ನು ಜಾಗ, ಬ್ರಾಕೆಟ್, ಗೀಟು ಸಮೇತ ಇಳಿಸಿ. ಈ ಹಂತದಲ್ಲಿ ಏನನ್ನೂ ತಿದ್ದಬೇಡಿ. ಓದುವ ಕೆಲಸ, ತಿದ್ದುವ ಕೆಲಸ ಎರಡನ್ನೂ ಒಟ್ಟಿಗೆ ಮಾಡಿದರೆ ತಪ್ಪು ಎಲ್ಲಿ ಆಯಿತು ಅಂತ ಆಮೇಲೆ ಹುಡುಕಲು ಆಗುವುದಿಲ್ಲ. ಪಕ್ಕದಲ್ಲಿ ಫೋಟೊದ ಹೆಸರನ್ನೂ ಬರೆದಿಡಿ.

ಫೋಟೊದಿಂದ ಅಕ್ಷರ ಎತ್ತಿಕೊಡುವ ಸೌಲಭ್ಯ ಈಗ ಫೋನ್‌ನಲ್ಲೇ ಇದೆ. ಬಳಸಿ, ಆದರೆ ಪೂರ್ತಿ ನಂಬಬೇಡಿ. 8 ಇದ್ದಲ್ಲಿ B, 0 ಇದ್ದಲ್ಲಿ O, 1 ಇದ್ದಲ್ಲಿ l ಬರುವುದು ಮಾಮೂಲು. ಬೋರ್ಡಿನಲ್ಲಿ ಕನ್ನಡ ಅಂಕಿಗಳಿದ್ದರೆ ಫೋಟೊ ದೊಡ್ಡದು ಮಾಡಿ ಕಣ್ಣಿಂದಲೇ ಓದಿ. ಬಣ್ಣ ಮಾಸಿದ ಬೋರ್ಡಿನಲ್ಲಿ ೬ ಮತ್ತು ೯, ೦ ಮತ್ತು ೧ ಅದಲುಬದಲಾಗುವುದು ಬಹಳ ಸುಲಭ. ಕಾಣದ ಅಂಕಿಯ ಜಾಗದಲ್ಲಿ ಪ್ರಶ್ನೆ ಚಿಹ್ನೆ ಹಾಕಿ. ಊಹೆ ಮಾಡಿ ತುಂಬಿದರೆ ಕರೆ ಬೇರೆ ಯಾರದೋ ಮನೆಗೆ ಹೋಗುತ್ತದೆ.

ಜಾಗ ತೆಗೆಯುವುದು ಕೊನೆಗೆ

ಎಲ್ಲರೂ ಮೊದಲು ಮಾಡುವುದೇ ಜಾಗ, ಗೀಟು ತೆಗೆಯುವ ಕೆಲಸ. ಅದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಏಕೆಂದರೆ ಎಕ್ಸ್‌ಟೆನ್ಶನ್ ಎಲ್ಲಿ ಶುರುವಾಗುತ್ತದೆ, ಎರಡನೇ ನಂಬರ್ ಎಲ್ಲಿದೆ ಎಂದು ತಿಳಿಸುವುದೇ ಆ ಗುರುತುಗಳು.

ಲಂಡನ್‌ನಲ್ಲಿರುವವರ ಕಾರ್ಡ್ ಒಂದು ಹೀಗಿದೆ ಎನ್ನಿ. (ಇದು ಉದಾಹರಣೆಗಳಿಗೆಂದೇ ಮೀಸಲಿಟ್ಟ ನಂಬರ್, ಯಾರಿಗೂ ಸೇರಿದ್ದಲ್ಲ.)

```
Tel: +44 (0)20 7946 0018 Ext. 204
```

ಅಂಕಿ ಬಿಟ್ಟು ಉಳಿದದ್ದನ್ನೆಲ್ಲ ಒಮ್ಮೆಲೇ ಅಳಿಸಿದರೆ +4402079460018204 ಆಗುತ್ತದೆ. ಎಣಿಸಿ ನೋಡಿ, 16 ಅಂಕಿ. 15ರ ಮಿತಿ ದಾಟಿದ್ದರಿಂದ ಇದು ತಪ್ಪು ಅಂತ ಗೊತ್ತಾಗುತ್ತದೆ.

ಸರಿಯಾದ ಕ್ರಮ ಹೀಗೆ. ಮೊದಲು 204ನ್ನು ಎತ್ತಿ ಎಕ್ಸ್‌ಟೆನ್ಶನ್ ಕಾಲಂಗೆ ಹಾಕಿ. ಬಳಿಕ ಬ್ರಾಕೆಟ್‌ನಲ್ಲಿರುವ ಸೊನ್ನೆ ತೆಗೆಯಿರಿ. ಅದು ಬ್ರಿಟನ್ ಒಳಗಿನಿಂದ ಕರೆ ಮಾಡುವವರಿಗೆ ಮಾತ್ರ, ದೇಶದ ಕೋಡ್ ಜೊತೆಗೆ ಬರಬಾರದು. ಆಮೇಲೆ ಜಾಗ ತೆಗೆಯಿರಿ. +442079460018 ಸಿಗುತ್ತದೆ.

ಸೊನ್ನೆ ಬಿಡುವ ನಿಯಮ ಎಲ್ಲ ದೇಶಕ್ಕೂ ಇಲ್ಲ. ಇಟಲಿಯ ಲ್ಯಾಂಡ್‌ಲೈನ್‌ನಲ್ಲಿ ಸೊನ್ನೆ ನಂಬರಿನ ಭಾಗವೇ, ರೋಮ್ ನಂಬರ್ +3906 ಎಂದೇ ಶುರುವಾಗುತ್ತದೆ. ದುಬೈ ಕಾರ್ಡುಗಳಲ್ಲಿ 00971 ಎಂದು ಇರುತ್ತದೆ. ಮುಂದಿನ ಎರಡು ಸೊನ್ನೆಯ ಜಾಗಕ್ಕೆ ಪ್ಲಸ್ ಹಾಕಿದರೆ ಸಾಕು.

ನಮ್ಮ ನಂಬರ್‌ಗಳಿಗೆ ಹತ್ತರ ಲೆಕ್ಕ

ಭಾರತದ ನಂಬರ್ ಪರೀಕ್ಷಿಸಲು ಒಳ್ಳೆಯ ದಾರಿ ಇದೆ. ಮುಂದಿನ ಸೊನ್ನೆ ಬಿಟ್ಟರೆ ಎಸ್‌ಟಿಡಿ ಕೋಡ್ ಮತ್ತು ಲ್ಯಾಂಡ್‌ಲೈನ್ ನಂಬರ್ ಸೇರಿ 10 ಅಂಕಿ. ಬೆಂಗಳೂರಿನ 80 ಜೊತೆ 8 ಅಂಕಿ, ಮೈಸೂರಿನ 821 ಜೊತೆ 7, ದಾವಣಗೆರೆಯ 8192 ಜೊತೆ 6. ಮೊಬೈಲ್‌ಗೂ 10 ಅಂಕಿಯೇ. ಹಾಗಾಗಿ ಬೋರ್ಡಿನಲ್ಲಿ ಬರೀ 7 ಅಂಕಿ ಇದ್ದು ವಿಳಾಸ ಮೈಸೂರಿನದಾದರೆ 821 ಸೇರಿಸಬಹುದು. ಊರೇ ಗೊತ್ತಿಲ್ಲದಿದ್ದರೆ ಸೇರಿಸಬೇಡಿ.

ಮೈಸೂರಿನ ಅಂಗಡಿ ಬೋರ್ಡ್ ಒಂದು ಹೀಗಿರುತ್ತದೆ. ನಡುವಿನ ಅಂಕಿಗಳನ್ನು X ಹಾಕಿ ಮುಚ್ಚಿದ್ದೇನೆ.

```
(0821) 2XX XX45 / 46
```

ಇಲ್ಲಿ ಎರಡು ನಂಬರ್‌ಗಳಿವೆ. ಓರೆಗೀಟಿನ ನಂತರದ 46, ಮೊದಲ ನಂಬರಿನ ಕೊನೆಯ ಎರಡು ಅಂಕಿಯ ಜಾಗಕ್ಕೆ ಬರುತ್ತದೆ. ಎರಡು ಸಾಲು ಮಾಡಿಕೊಳ್ಳಿ.

```
+918212XXXX45
+918212XXXX46
```

ಇನ್ನು ಗೊತ್ತೇ ಆಗದ ತಪ್ಪು ಒಂದಿದೆ. 080 2XXX XX45 Ext 21 ಎಂಬುದನ್ನು ಒಟ್ಟಿಗೆ ಅಂಟಿಸಿ ಸೊನ್ನೆ ತೆಗೆದರೆ 12 ಅಂಕಿ ಆಗುತ್ತದೆ. 91 ಸೇರಿದ ನಂಬರಿಗೂ 12 ಅಂಕಿಯೇ ಅಲ್ವಾ? ಬರೀ ಎಣಿಸಿ ನೋಡುವವರಿಗೆ ಇದು ಸರಿಯಾಗಿಯೇ ಕಾಣುತ್ತದೆ. ಉದ್ದದ ಜೊತೆಗೆ ಶುರುವನ್ನೂ ನೋಡಬೇಕು ಎನ್ನುವುದು ಇದಕ್ಕೇ.

ಶುರು ಮಾತ್ರ ನೋಡಿದರೂ ಸಾಲದು. 91ರಿಂದಲೇ ಶುರುವಾಗುವ 10 ಅಂಕಿಯ ಮೊಬೈಲ್ ನಂಬರ್‌ಗಳು ಎಷ್ಟೋ ಇವೆ. ಅಲ್ಲಿ 91 ದೇಶದ ಕೋಡ್ ಅಲ್ಲ. ಒಟ್ಟು 10 ಅಂಕಿ ಇದ್ದರೆ ಮುಂದೆ +91 ಸೇರಿಸಿ. 12 ಅಂಕಿ ಇದ್ದು 91ರಿಂದ ಶುರುವಾದರೆ ಪ್ಲಸ್ ಮಾತ್ರ ಸೇರಿಸಿ.

1800ರಿಂದ ಶುರುವಾಗುವ ಟೋಲ್ ಫ್ರೀ ನಂಬರ್, 112, 108 ಇವಕ್ಕೆ +91 ಹಾಕಬೇಡಿ. ಇದ್ದ ಹಾಗೇ ಬಿಡಿ.

ಪರೀಕ್ಷೆ

ಸರಿಪಡಿಸಿದ ನಂಬರ್ C ಕಾಲಂನಲ್ಲಿದ್ದರೆ, Text ಮಾಡದ ಬೇರೊಂದು ಕಾಲಂನಲ್ಲಿ ಈ ಸೂತ್ರ ಹಾಕಿ:

```
=AND(LEFT(C2,3)="+91",LEN(C2)=13)
```

FALSE ಬಂದ ಸಾಲುಗಳಲ್ಲಿ ವಿದೇಶದ ನಂಬರ್, ಟೋಲ್ ಫ್ರೀ, 112, 108 ಇವನ್ನು ಬಿಟ್ಟು ಉಳಿದದ್ದನ್ನು ಮತ್ತೆ ನೋಡಿ. ನೋಡಲು ಸರಿ ಇದ್ದರೂ FALSE ಬಂದರೆ, ಫೋಟೊದಿಂದ ಎತ್ತಿ ಅಂಟಿಸುವಾಗ ಕಣ್ಣಿಗೆ ಕಾಣದ ಜಾಗವೊಂದು ಒಳಗೆ ಸೇರಿರುತ್ತದೆ. ಆ ನಂಬರನ್ನು ಕೈಯಲ್ಲೇ ಹೊಸದಾಗಿ ಟೈಪ್ ಮಾಡಿ.

ಒಂದು ಅಂಕಿ ತಪ್ಪಾಗಿ ಓದಿದ್ದರೆ ಈ ಸೂತ್ರಕ್ಕೆ ತಿಳಿಯುವುದಿಲ್ಲ. ಅದಕ್ಕೆ ಇಬ್ಬರು ಬೇಕು. ಒಬ್ಬರು ಫೋಟೊ ನೋಡಿ ಒಂದೊಂದೇ ಅಂಕಿ ಜೋರಾಗಿ ಓದಲಿ, ಇನ್ನೊಬ್ಬರು C ಕಾಲಂ ನೋಡಲಿ. ಬರೆದವರೇ ತಮ್ಮದನ್ನು ನೋಡಿಕೊಂಡರೆ ಕಣ್ಣು ಮೊದಲು ಓದಿದ್ದನ್ನೇ ಮತ್ತೆ ಓದುತ್ತದೆ.

ಫೋನ್‌ನಲ್ಲಿ ಸೇವ್ ಮಾಡುವಾಗ ಎಕ್ಸ್‌ಟೆನ್ಶನ್‌ನ ಮುಂದೆ ಅಲ್ಪವಿರಾಮ ಹಾಕಿ:

```
+442079460018,204
```

ಕರೆ ಸಿಕ್ಕ ಮೇಲೆ ಫೋನ್ ತುಸು ತಡೆದು 204 ಒತ್ತುತ್ತದೆ. ಸ್ವಾಗತದ ಮಾತು ಉದ್ದವಿದ್ದರೆ ಎರಡು ಅಲ್ಪವಿರಾಮ ಹಾಕಬಹುದು. ಪಟ್ಟಿಯಲ್ಲಿ ಮಾತ್ರ ಎರಡನ್ನೂ ಬೇರೆ ಕಾಲಂನಲ್ಲೇ ಉಳಿಸಿ.

ಪಟ್ಟಿಯನ್ನು CSV ಮಾಡಿ ಕಳಿಸಿದರೆ, ಪಡೆದವರು ಅದರ ಮೇಲೆ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದಾಗ ಪ್ಲಸ್ ಮತ್ತೆ ಹೋಗುತ್ತದೆ. xlsx ಕಡತವನ್ನೇ ಕಳಿಸಿ. CSVಯೇ ಬೇಕು ಎಂದರೆ Data ಮೆನುವಿನಿಂದ ಒಳತಂದು, ನಂಬರಿನ ಕಾಲಂ ಅನ್ನು Text ಎಂದು ಆರಿಸಿಕೊಳ್ಳಲು ಅವರಿಗೆ ಹೇಳಿ.